ರೂಟರ್ ಬದಲಾದ ಮರುದಿನ ಸಿಗದೆ ಹೋದ ಪ್ರಿಂಟರ್, ತೆರೆಯದೆ ಹೋದ ಫೋಲ್ಡರ್: ಒಂದು ಪ್ರಕರಣ ಅಧ್ಯಯನ

ಶಿವಮೊಗ್ಗದಲ್ಲಿ ತೆರಿಗೆ ಸಲಹೆಗಾರರೊಬ್ಬರ ಚಿಕ್ಕ ಕಚೇರಿ. ನಾಲ್ಕು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್, ಎಲ್ಲರೂ ಬಳಸುವ ಒಂದು ಲೇಸರ್ ಪ್ರಿಂಟರ್. ಡೆಸ್ಕ್‌ಟಾಪ್‌ಗಳೂ ಪ್ರಿಂಟರೂ ಗೋಡೆಯ ಮೂಲೆಯಲ್ಲಿರುವ ಎಂಟು ಪೋರ್ಟಿನ ಸಾಧಾರಣ ಸ್ವಿಚ್‌ಗೆ ಕೇಬಲ್ ಮೂಲಕ ಸೇರಿವೆ. ಆ ಸ್ವಿಚ್‌ನಿಂದ ಒಂದೇ ಒಂದು ಕೇಬಲ್ ರೂಟರ್‌ಗೆ ಹೋಗುತ್ತದೆ. ಲ್ಯಾಪ್‌ಟಾಪ್ ಮಾತ್ರ ವೈಫೈಯಲ್ಲಿದೆ. ಡೆಸ್ಕ್‌ಟಾಪ್‌ಗಳಲ್ಲಿ ಹಳೆಯದಾದ ಒಂದರಲ್ಲಿ ಕಕ್ಷಿದಾರರ ಲೆಕ್ಕದ ಕಡತಗಳೆಲ್ಲ ಇರುವ ಫೋಲ್ಡರ್ ಇದೆ, ಅದನ್ನು ಉಳಿದವರು ತಮ್ಮ ಗಣಕದಲ್ಲಿ Z ಡ್ರೈವ್ ಎಂದು ಜೋಡಿಸಿಕೊಂಡು ಬಳಸುತ್ತಾರೆ. ಇಂಟರ್‌ನೆಟ್ ಒದಗಿಸುವ ಕಂಪನಿಯವರು ಒಂದು ದಿನ ಸಂಜೆ ಬಂದು ಹಳೆಯ ರೂಟರ್ ತೆಗೆದು ಹೊಸದನ್ನು ಇಟ್ಟು ಹೋದರು. ಮರುದಿನ ಬೆಳಿಗ್ಗೆ ಯಾರ ಗಣಕದಿಂದಲೂ ಪ್ರಿಂಟ್ ಹೋಗಲಿಲ್ಲ, Z ಡ್ರೈವ್ ತೆರೆಯಲಿಲ್ಲ. ಇಂಟರ್‌ನೆಟ್ ಮಾತ್ರ ಮೊದಲಿಗಿಂತ ವೇಗವಾಗಿ ಓಡುತ್ತಿತ್ತು.

ಕಂಪನಿಗೆ ಫೋನ್ ಮಾಡಿದಾಗ ಬಂದ ಉತ್ತರ ಊಹಿಸಬಹುದಾದದ್ದೇ: ನೆಟ್ ಬರುತ್ತಿದೆ ಎಂದ ಮೇಲೆ ರೂಟರ್ ಸರಿಯಿದೆ, ಪ್ರಿಂಟರ್ ಮಾರಿದವರನ್ನು ಕೇಳಿ. ಈ ವಾದಕ್ಕೆ ಬಲ ಕೊಡುವಂತೆ ಕಚೇರಿಯ ಹಿರಿಯ ಸಹಾಯಕಿ ಇನ್ನೊಂದು ಮಾತು ಹೇಳಿದರು. “ಸರ್, ರೂಟರ್ ಹಾಕಿದ ಮೇಲೂ ನಿನ್ನೆ ಸಂಜೆ ನಾನೇ ಎರಡು ಚಲನ್ ಪ್ರಿಂಟ್ ತೆಗೆದಿದ್ದೇನೆ. ಆಗ ಬಂತು. ಹಾಗಿದ್ದ ಮೇಲೆ ರೂಟರಿನದ್ದು ಹೇಗೆ ತಪ್ಪಾಗುತ್ತದೆ?”

ಈ ಮಾತನ್ನು ಬದಿಗೆ ಸರಿಸದೆ ಅದರಿಂದಲೇ ತನಿಖೆ ಆರಂಭಿಸುವುದು ಒಳ್ಳೆಯದು. ಏಕೆಂದರೆ ಇಂತಹ ಪ್ರಕರಣಗಳಲ್ಲಿ ಜನರನ್ನು ಹೆಚ್ಚಾಗಿ ದಾರಿ ತಪ್ಪಿಸುವ ಸುಳಿವು ಇದೇ, ಮತ್ತು ಇದಕ್ಕೆ ಸ್ಪಷ್ಟವಾದ ಕಾರಣವಿದೆ. ಗಣಕವೊಂದು ರೂಟರ್‌ನಿಂದ ತನ್ನ ಐಪಿ ವಿಳಾಸವನ್ನು ಪಡೆಯುವಾಗ ಅದನ್ನು ನಿಗದಿತ ಅವಧಿಗೆ, ಗುತ್ತಿಗೆಯ ರೂಪದಲ್ಲಿ ಪಡೆಯುತ್ತದೆ. ಬಹಳಷ್ಟು ರೂಟರ್‌ಗಳಲ್ಲಿ ಈ ಅವಧಿ 24 ಗಂಟೆ. ಅವಧಿ ಅರ್ಧದಷ್ಟು ಕಳೆಯುವವರೆಗೆ, ಅಥವಾ ಗಣಕ ಮತ್ತೆ ಆರಂಭವಾಗುವವರೆಗೆ, ಅಥವಾ ಅದರ ಕೇಬಲ್ ಕಳಚಿ ಸೇರುವವರೆಗೆ, ಅದು ಮತ್ತೆ ಯಾರನ್ನೂ ಕೇಳುವುದಿಲ್ಲ. ಇಲ್ಲಿ ಗಣಕಗಳು ನೇರವಾಗಿ ರೂಟರ್‌ಗೆ ಸೇರಿರಲಿಲ್ಲ, ನಡುವೆ ಸ್ವಿಚ್ ಇತ್ತು. ರೂಟರ್ ತೆಗೆದಾಗ ಸ್ವಿಚ್‌ಗೂ ರೂಟರ್‌ಗೂ ನಡುವಿನ ಕೊಂಡಿ ಮಾತ್ರ ಕಳಚಿತು. ಗಣಕಕ್ಕೂ ಸ್ವಿಚ್‌ಗೂ ನಡುವಿನ ದೀಪ ಉರಿಯುತ್ತಲೇ ಇತ್ತು. ಹಾಗಾಗಿ ಡೆಸ್ಕ್‌ಟಾಪ್‌ಗಳಿಗೆ ಏನೂ ನಡೆದದ್ದೇ ತಿಳಿಯಲಿಲ್ಲ. ಅವು ಹಳೆಯ ವಿಳಾಸಗಳನ್ನೇ ಹಿಡಿದುಕೊಂಡು, ಹಳೆಯ ವಿಳಾಸದಲ್ಲೇ ಇದ್ದ ಪ್ರಿಂಟರ್ ಜೊತೆ ಸ್ವಿಚ್ ಮೂಲಕ ನೇರವಾಗಿ ಮಾತನಾಡುತ್ತಿದ್ದವು. ಒಂದೇ ಜಾಲದೊಳಗಿನ ಮಾತುಕತೆಗೆ ರೂಟರ್ ಬೇಕಾಗಿಯೇ ಇಲ್ಲ. ಆ ಸಂಜೆ ಡೆಸ್ಕ್‌ಟಾಪ್‌ಗಳಲ್ಲಿ ಇಂಟರ್‌ನೆಟ್ ಬರುತ್ತಿತ್ತೇ ಎಂದು ಸಹಾಯಕಿಯನ್ನು ಕೇಳಿದಾಗ ಅವರು ನೆನಪಿಸಿಕೊಂಡು, “ಇಲ್ಲ ಸರ್, ಬಂದವರು ತಮ್ಮ ಮೊಬೈಲಿನಲ್ಲಿ ತೋರಿಸಿದರು. ಕಂಪ್ಯೂಟರ್‌ಗಳನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಬರುತ್ತದೆ ಅಂದರು. ನಾವು ಆಫ್ ಮಾಡಿ ಮನೆಗೆ ಹೋದೆವು” ಎಂದರು. ಬೆಳಿಗ್ಗೆ ಆನ್ ಆದಾಗ ಪ್ರತಿಯೊಂದು ಗಣಕವೂ ಹೊಸ ರೂಟರ್‌ನಿಂದ ಹೊಸ ವಿಳಾಸ ಪಡೆಯಿತು, ಇಂಟರ್‌ನೆಟ್ ಬಂತು, ಪ್ರಿಂಟರ್ ಹೋಯಿತು. ಎರಡೂ ಒಂದೇ ಕ್ಷಣದಲ್ಲಿ, ಒಂದೇ ಕಾರಣದಿಂದ ಆದವು.

ಇದು ಊಹೆಯಾಗಿ ಉಳಿಯಬಾರದು ಎಂದು ಒಂದು ಡೆಸ್ಕ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು `ipconfig` ಕೊಟ್ಟೆವು. ಬಂದದ್ದರಲ್ಲಿ ನಮಗೆ ಬೇಕಾದ ಸಾಲುಗಳು ಮೂರೇ:

```
IPv4 Address. . . . . . . : 192.168.0.102
Subnet Mask . . . . . . . : 255.255.255.0
Default Gateway . . . . . : 192.168.0.1
```

ಇನ್ನು ಪ್ರಿಂಟರ್ ಯಾವ ವಿಳಾಸದಲ್ಲಿದೆ ಎಂದು ತಿಳಿಯಬೇಕು. ಅದನ್ನು ಜಾಲದ ಮೂಲಕ ಹುಡುಕುವ ಅಗತ್ಯವಿಲ್ಲ. ಕಚೇರಿಗಳಲ್ಲಿ ಬಳಸುವ ಹೆಚ್ಚಿನ ಲೇಸರ್ ಪ್ರಿಂಟರ್‌ಗಳು ತಮ್ಮ ಜಾಲದ ವಿವರಗಳನ್ನು ತಾವೇ ಒಂದು ಹಾಳೆಯಲ್ಲಿ ಮುದ್ರಿಸಿ ಕೊಡುತ್ತವೆ. ಅದರ ಮೇಲಿರುವ ಗುಂಡಿಗಳಿಂದ ಮೆನುವಿನ ವರದಿಗಳ ಭಾಗಕ್ಕೆ ಹೋದರೆ ಸಾಕು. ಆ ಹಾಳೆಯಲ್ಲಿ ವಿಳಾಸ 192.168.1.50 ಎಂದೂ, ಅದನ್ನು ಪಡೆದ ವಿಧಾನ Manual ಎಂದೂ ಇತ್ತು. ಅಂದರೆ ಯಾರೋ ಹಿಂದೆ, ಪ್ರಾಯಶಃ ಪ್ರಿಂಟರ್ ಸ್ಥಾಪಿಸಿದ ದಿನವೇ, ಅದರ ವಿಳಾಸವನ್ನು ಕೈಯಿಂದ ಬರೆದು ಅದರ ಸ್ಮೃತಿಯಲ್ಲೇ ಇಟ್ಟಿದ್ದರು. ಅದು ಹೊಸ ರೂಟರನ್ನು ವಿಳಾಸ ಕೇಳುವುದೇ ಇಲ್ಲ.

ಎರಡು ವಿಳಾಸಗಳ ನಡುವೆ ಇರುವ ವ್ಯತ್ಯಾಸ ಮೂರನೆಯ ಅಂಕಿಯದ್ದು, 0 ಮತ್ತು 1. ನೋಡಲು ಅಲ್ಪವಾದ ಈ ವ್ಯತ್ಯಾಸವೇ ಇಡೀ ಪ್ರಕರಣದ ತಿರುಳು. 255.255.255.0 ಎಂಬ ಮಾಸ್ಕ್ ಗಣಕಕ್ಕೆ ಹೇಳುವುದು ಇಷ್ಟು: ನಿನ್ನ ವಿಳಾಸದ ಮೊದಲ ಮೂರು ಅಂಕಿಗಳು ಯಾರಲ್ಲಿ ಹಾಗೆಯೇ ಇವೆಯೋ ಅವರು ನಿನ್ನ ಬೀದಿಯವರು, ಅವರನ್ನು ನೇರವಾಗಿ ಕೂಗು, ಉಳಿದವರೆಲ್ಲ ಹೊರಗಿನವರು, ಅವರಿಗೆ ಕೊಡುವುದನ್ನು ಗೇಟ್‌ವೇ, ಅಂದರೆ ರೂಟರ್ ಕೈಗೆ ಕೊಡು. ಪ್ರಿಂಟರ್ ಎರಡು ಮಾರು ದೂರದಲ್ಲಿ, ಅದೇ ಸ್ವಿಚ್‌ನಲ್ಲೇ ಇದ್ದರೂ 192.168.0.102 ಎಂಬ ಗಣಕದ ದೃಷ್ಟಿಯಲ್ಲಿ 192.168.1.50 ಹೊರಗಿನದು. ಹಾಗಾಗಿ ಅದು ಮುದ್ರಣದ ಕೆಲಸವನ್ನು ರೂಟರ್‌ಗೆ ಒಪ್ಪಿಸುತ್ತದೆ. ರೂಟರ್‌ಗೆ ಅಂತಹ ಒಳಜಾಲ ತನ್ನಲ್ಲಿದೆ ಎಂಬುದು ಗೊತ್ತಿಲ್ಲದ ಕಾರಣ ಅದನ್ನು ಇಂಟರ್‌ನೆಟ್ ಕಡೆಗೆ ತಳ್ಳುತ್ತದೆ; 192.168 ರಿಂದ ಆರಂಭವಾಗುವ ಖಾಸಗಿ ವಿಳಾಸಗಳು ಸಾರ್ವಜನಿಕ ಇಂಟರ್‌ನೆಟ್‌ನಲ್ಲಿ ಸಾಗುವಂಥವಲ್ಲ, ಆದ್ದರಿಂದ ಅದು ಅಲ್ಲಿಯೇ ಕಳೆದುಹೋಗುತ್ತದೆ. ಒಂದು ವಿಳಾಸವನ್ನು ಕೂಗಿ ಉತ್ತರ ಬರುತ್ತದೆಯೇ ಎಂದು ನೋಡುವ ಪಿಂಗ್ ಕಮಾಂಡನ್ನು `ping 192.168.1.50` ಎಂದು ಕೊಟ್ಟಾಗ `Request timed out` ಎಂದು ಬಂದದ್ದು ಇದರಿಂದಲೇ. ನಿಜವಾದ ಹೊರಗಿನ ತಾಣಗಳಿಗೆ ಇದೇ ದಾರಿ ಸರಿಯಾಗಿ ಕೆಲಸ ಮಾಡುವುದರಿಂದ ಇಂಟರ್‌ನೆಟ್‌ಗೆ ಯಾವ ತೊಂದರೆಯೂ ಇಲ್ಲ. ನೆಟ್ ಬರುತ್ತಿದೆ ಎಂಬ ಸಂಗತಿ ಕಚೇರಿಯ ಒಳಗಿನ ಜಾಲದ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ.

ಪ್ರಿಂಟರಿನ ಜಾಲದ ಭಾಗವೇ ಕೆಟ್ಟಿರಬಹುದು ಎಂಬ ಸಂದೇಹವನ್ನು ನೀಗಿಸಲು ಒಂದು ಸರಳ ಪರೀಕ್ಷೆ ಇದೆ, ಅದನ್ನು ನಾನು ಯಾವ ಸಂದರ್ಭದಲ್ಲೂ ಬಿಡುವುದಿಲ್ಲ. ಒಂದು ಡೆಸ್ಕ್‌ಟಾಪಿಗೆ ತಾತ್ಕಾಲಿಕವಾಗಿ ಕೈಯಿಂದ 192.168.1.60 ಎಂಬ ವಿಳಾಸವನ್ನೂ ಅದೇ ಮಾಸ್ಕನ್ನೂ ಕೊಟ್ಟೆವು. ಆ ಗಣಕದಲ್ಲಿ ಇಂಟರ್‌ನೆಟ್ ನಿಂತಿತು, ಅದು ನಿರೀಕ್ಷಿತವೇ. ಆದರೆ ಪ್ರಿಂಟರ್ ತಕ್ಷಣ ಪಿಂಗ್‌ಗೆ ಉತ್ತರಿಸಿತು, ಬ್ರೌಸರಿನಲ್ಲಿ ಅದರ ಸೆಟ್ಟಿಂಗ್ಸ್ ಪುಟವೂ ತೆರೆಯಿತು. ಪ್ರಿಂಟರ್, ಅದರ ಕೇಬಲ್, ಸ್ವಿಚ್ ಮೂರೂ ಆರೋಗ್ಯವಾಗಿವೆ, ಬದಲಾದದ್ದು ವಿಳಾಸ ಮಾತ್ರ ಎಂಬುದಕ್ಕೆ ಇದಕ್ಕಿಂತ ಖಚಿತವಾದ ಸಾಕ್ಷ್ಯ ಬೇಕಿಲ್ಲ. ಪರೀಕ್ಷೆ ಮುಗಿದ ಕೂಡಲೇ ಆ ಗಣಕವನ್ನು ತಾನಾಗಿ ವಿಳಾಸ ಪಡೆಯುವ ಸ್ಥಿತಿಗೆ ಮರಳಿಸಬೇಕು. ಇದನ್ನು ಮರೆತರೆ ಮರುದಿನ ಆ ಒಂದು ಮೇಜಿನಿಂದ ಹೊಸ ದೂರು ಬರುತ್ತದೆ.

ಫೋಲ್ಡರ್ ಇರುವ ಹಳೆಯ ಡೆಸ್ಕ್‌ಟಾಪಿನ ಕಥೆ ಪ್ರಿಂಟರಿನದಕ್ಕಿಂತ ಬೇರೆ, ಲಕ್ಷಣ ಒಂದೇ ಆಗಿದ್ದರೂ. ಇತರ ಗಣಕಗಳಲ್ಲಿ Z ಡ್ರೈವ್ `\\192.168.1.20\Lekka` ಎಂಬ ದಾರಿಗೆ ಜೋಡಣೆಯಾಗಿತ್ತು. ತೆರೆಯಲು ಹೋದಾಗ 0x80070035 ಎಂಬ ದೋಷಸಂಖ್ಯೆಯೊಡನೆ ಜಾಲದ ದಾರಿ ಸಿಗಲಿಲ್ಲ ಎಂಬ ಸಂದೇಶ ಬರುತ್ತಿತ್ತು. ಆದರೆ ಆ ಡೆಸ್ಕ್‌ಟಾಪಿನಲ್ಲಿ ವಿಳಾಸವನ್ನು ಯಾರೂ ಕೈಯಿಂದ ಬರೆದಿರಲಿಲ್ಲ, ಅದು ರೂಟರನ್ನು ಕೇಳಿಯೇ ಪಡೆಯುತ್ತಿತ್ತು. ವರ್ಷಗಳಿಂದ ಅದಕ್ಕೆ 20 ಎಂಬ ಅಂಕಿಯೇ ಸಿಗುತ್ತಿದ್ದುದಕ್ಕೆ ಕಾರಣ ಹಳೆಯ ರೂಟರಿನಲ್ಲಿ ಅದರ ಮ್ಯಾಕ್ ವಿಳಾಸಕ್ಕೆ, ಅಂದರೆ ಅದರ ಜಾಲದ ಯಂತ್ರಾಂಶಕ್ಕೆ ತಯಾರಿಕೆಯಲ್ಲೇ ಕೊಟ್ಟ ಗುರುತಿಗೆ, ಆ ಅಂಕಿಯನ್ನು ಕಾಯ್ದಿರಿಸಿದ್ದು. ಹಳೆಯ ರೂಟರ್ ಪೆಟ್ಟಿಗೆ ಸೇರಿದಾಗ ಆ ಕಾಯ್ದಿರಿಸುವಿಕೆಯೂ ಅದರೊಂದಿಗೇ ಹೋಯಿತು. ಡೆಸ್ಕ್‌ಟಾಪಿಗೆ ಈಗ 192.168.0.105 ಸಿಕ್ಕಿತ್ತು. ಹೀಗೆ ಪ್ರಿಂಟರ್ ಹಳೆಯ ಜಾಲದಲ್ಲೇ ನಿಂತುಬಿಟ್ಟಿತ್ತು, ಫೋಲ್ಡರಿನ ಗಣಕ ಹೊಸ ಜಾಲಕ್ಕೆ ಸಾಗಿಬಿಟ್ಟಿತ್ತು. ಒಂದರ ವಿಳಾಸ ಅದರೊಳಗೇ ಇತ್ತು, ಇನ್ನೊಂದರದ್ದು ರೂಟರಿನಲ್ಲಿತ್ತು; ಮೂರನೆಯದಾಗಿ ಪ್ರತಿಯೊಬ್ಬರ ಗಣಕದಲ್ಲೂ ಪ್ರಿಂಟರಿನ ಪೋರ್ಟ್ ಮತ್ತು Z ಡ್ರೈವಿನ ದಾರಿಯ ರೂಪದಲ್ಲಿ ಇದೇ ವಿಳಾಸಗಳ ನಕಲು ಇತ್ತು. ಇಂತಹ ತೊಂದರೆ ಎದುರಾದಾಗ ಮೊದಲು ಕೇಳಬೇಕಾದ ಪ್ರಶ್ನೆ, ಈ ವಿಳಾಸವನ್ನು ಯಾರು ನೆನಪಿಟ್ಟುಕೊಂಡಿದ್ದರು ಎಂಬುದೇ.

ಪರಿಹಾರಕ್ಕೆ ಎರಡು ದಾರಿಗಳಿದ್ದವು. ಪ್ರಿಂಟರಿಗೆ ಹೊಸ ಜಾಲದ ವಿಳಾಸ ಕೊಟ್ಟು, ಪ್ರತಿ ಗಣಕದಲ್ಲೂ ಪೋರ್ಟನ್ನೂ Z ಡ್ರೈವನ್ನೂ ಬದಲಾಯಿಸುವುದು ಒಂದು. ಹೊಸ ರೂಟರಿನ ಒಳಜಾಲವನ್ನೇ ಹಳೆಯದರಂತೆ 192.168.1 ಕ್ಕೆ ಬದಲಾಯಿಸುವುದು ಇನ್ನೊಂದು. ನಾನು ಎರಡನೆಯದನ್ನು ಆರಿಸಿದೆ. ವಿಳಾಸದ ನಕಲುಗಳು ಎಲ್ಲೆಲ್ಲಿ ಅಡಗಿವೆ ಎಂದು ಪೂರ್ತಿ ಗೊತ್ತಿಲ್ಲದಿರುವಾಗ ಎಲ್ಲ ನಕಲುಗಳನ್ನೂ ಹುಡುಕುವುದಕ್ಕಿಂತ ಒಂದು ಮೂಲವನ್ನು ಹಿಂದಿನಂತೆ ಮಾಡುವುದು ಸುರಕ್ಷಿತ. ಇಲ್ಲಿಯೇ ನೋಡಿ: ಆ ಪ್ರಿಂಟರ್ ಸ್ಕ್ಯಾನ್ ಮಾಡಿದ ಕಾಗದಗಳನ್ನು ನೇರವಾಗಿ ಅದೇ ಹಂಚಿಕೆಯ ಫೋಲ್ಡರಿಗೆ ಕಳಿಸುವಂತೆ ಹೊಂದಿಸಲಾಗಿತ್ತು, ಅದರ ವಿಳಾಸಪಟ್ಟಿಯಲ್ಲೂ 192.168.1.20 ಇತ್ತು. ಮೊದಲ ದಾರಿಯಲ್ಲಿ ಹೋಗಿದ್ದರೆ ಅದು ಯಾರಾದರೂ ಸ್ಕ್ಯಾನ್ ಮಾಡಲು ಹೋದ ದಿನ ಮಾತ್ರ ಗೊತ್ತಾಗುತ್ತಿತ್ತು.

ಆದರೆ ಎರಡನೆಯ ದಾರಿ ಎಲ್ಲೆಡೆ ನಡೆಯುವುದಿಲ್ಲ, ಹೆಜ್ಜೆ ಇಡುವ ಮೊದಲು ಒಂದನ್ನು ನೋಡಲೇಬೇಕು. ರೂಟರಿನ ಸ್ಥಿತಿ ತೋರಿಸುವ ಪುಟದಲ್ಲಿ ಅದರ ಹೊರಮುಖದ, ಅಂದರೆ WAN ಬದಿಯ ವಿಳಾಸ ಇರುತ್ತದೆ. ಕೆಲವು ಕಡೆ ಫೈಬರ್ ಬಂದು ಸೇರುವ ಪೆಟ್ಟಿಗೆಯೇ ಒಂದು ರೂಟರಾಗಿ ಕೆಲಸ ಮಾಡುತ್ತ, ಅದರ ಹಿಂದೆ ಕಚೇರಿಯ ರೂಟರ್ ಎರಡನೆಯದಾಗಿ ಕೂತಿರುತ್ತದೆ. ಆಗ ಹೊರಮುಖದ ವಿಳಾಸವೇ 192.168.1 ರಿಂದ ಆರಂಭವಾಗಿರಬಹುದು. ಒಳಗೂ ಹೊರಗೂ ಒಂದೇ ಜಾಲಸಂಖ್ಯೆ ಬಂದರೆ ಯಾವುದನ್ನು ಯಾವ ಕಡೆ ಕಳಿಸಬೇಕೆಂದು ರೂಟರ್‌ಗೆ ನಿರ್ಧರಿಸಲಾಗದು. ಹೆಚ್ಚಿನವು ಅಂತಹ ಬದಲಾವಣೆಯನ್ನು ಒಪ್ಪುವುದೇ ಇಲ್ಲ. ಹಾಗಿದ್ದಲ್ಲಿ ಮೊದಲ ದಾರಿಯೇ ಗತಿ. ಅಂತಹ ಜೋಡಣೆಯಲ್ಲಿ ಇನ್ನೊಂದು ಮೋಸವೂ ಇದೆ: ಒಳಗಿನಿಂದ 192.168.1.1 ಕ್ಕೆ ಪಿಂಗ್ ಮಾಡಿದರೆ ಹೊರಗಿನ ಪೆಟ್ಟಿಗೆ ಉತ್ತರಿಸುತ್ತದೆ, ನೋಡುವವರು ಹಳೆಯ ಜಾಲ ಇನ್ನೂ ಸಿಗುತ್ತಿದೆ ಎಂದು ಭಾವಿಸುತ್ತಾರೆ. ಈ ಕಚೇರಿಯಲ್ಲಿ ಹೊರಮುಖದ ವಿಳಾಸ ಬೇರೆಯೇ ಆಗಿದ್ದುದರಿಂದ ಮುಂದುವರಿಯಲು ಅಡ್ಡಿ ಇರಲಿಲ್ಲ.

ಬದಲಾವಣೆಗೆ ಮೊದಲು ಎಲ್ಲ ಗಣಕಗಳಲ್ಲೂ ಮುದ್ರಣದ ಸರದಿಯನ್ನು ಖಾಲಿ ಮಾಡಿಸಿದೆವು. ಬೆಳಿಗ್ಗೆಯಿಂದ ಪ್ರತಿಯೊಬ್ಬರೂ ಒಂದೇ ಕಾಗದಕ್ಕೆ ಮತ್ತೆ ಮತ್ತೆ ಪ್ರಿಂಟ್ ಒತ್ತಿರುತ್ತಾರೆ. ದಾರಿ ತೆರೆದ ಕ್ಷಣ ಅವೆಲ್ಲ ಒಟ್ಟಿಗೆ ಹೊರಬರುತ್ತವೆ. ಒಬ್ಬರು ಪ್ರಿಂಟರನ್ನು ಅಳಿಸಿ ಮತ್ತೆ ಸೇರಿಸಲು ಹೊರಟು ಅದೇ ಹೆಸರಿನ ಇನ್ನೊಂದು ನಕಲನ್ನು ಮಾಡಿಟ್ಟಿದ್ದರು, ಅದನ್ನೂ ತೆಗೆದು ಹಳೆಯದನ್ನೇ ಡೀಫಾಲ್ಟ್ ಮಾಡಿದೆವು. ನಂತರ ರೂಟರಿನ ಒಳಜಾಲದ, ಅಂದರೆ LAN ಪುಟದಲ್ಲಿ ಅದರ ವಿಳಾಸವನ್ನು 192.168.1.1 ಎಂದೂ, ತಾನಾಗಿ ಹಂಚುವ ವಿಳಾಸಗಳ ವ್ಯಾಪ್ತಿಯನ್ನು 100 ರಿಂದ 199 ರವರೆಗೆ ಎಂದೂ ಬರೆದೆವು. ಈ ಎರಡನೆಯದು ಅಲಕ್ಷಿಸುವಂಥದ್ದಲ್ಲ. ವ್ಯಾಪ್ತಿ 2 ರಿಂದ ಆರಂಭವಾಗಿದ್ದರೆ ಪ್ರಿಂಟರ್ ಆಫ್ ಇದ್ದ ಹೊತ್ತಿನಲ್ಲಿ ರೂಟರ್ 50 ನ್ನು ಯಾರದ್ದೋ ಮೊಬೈಲಿಗೆ ಕೊಟ್ಟುಬಿಡಬಹುದು. ಆಮೇಲೆ ಒಂದು ದಿನ ಪ್ರಿಂಟ್ ಬರುವ, ಇನ್ನೊಂದು ದಿನ ಬಾರದ ತೊಂದರೆ ಆರಂಭವಾಗುತ್ತದೆ, ಅದನ್ನು ಪತ್ತೆ ಹಚ್ಚುವುದು ಇಂದಿನದಕ್ಕಿಂತ ಕಷ್ಟ. ಫೋಲ್ಡರಿನ ಡೆಸ್ಕ್‌ಟಾಪಿಗೆ ಅದರ ಮ್ಯಾಕ್ ವಿಳಾಸದ ಆಧಾರದ ಮೇಲೆ 20 ನ್ನು ಮತ್ತೆ ಕಾಯ್ದಿರಿಸಿದೆವು.

ರೂಟರ್ ಮತ್ತೆ ಆರಂಭವಾದರೂ ಗಣಕಗಳು ಈಗ ಬೆಳಗಿನ ವಿಳಾಸಗಳನ್ನು ಹಿಡಿದು ಕೂತಿದ್ದವು. ಸ್ವಿಚ್ ನಡುವೆ ಇರುವ ಅದೇ ಕಾರಣ. ಪ್ರತಿಯೊಂದರಲ್ಲೂ ಈ ಎರಡು ಕಮಾಂಡ್‌ಗಳನ್ನು ಕೊಟ್ಟೆವು:

```
ipconfig /release
ipconfig /renew
```

ಕಡೆಯ ಗಣಕಕ್ಕೆ ವಿಳಾಸ ಬಂದಾಗ ಮೊದಲ ಮೇಜಿನಿಂದ ಪ್ರಿಂಟ್ ಆಗಲೇ ಬರುತ್ತಿತ್ತು. ಆದರೆ Z ಡ್ರೈವ್ ತೆರೆಯಲಿಲ್ಲ, ಅದೇ ದೋಷಸಂಖ್ಯೆ. ಫೋಲ್ಡರಿನ ಡೆಸ್ಕ್‌ಟಾಪಿಗೆ ಹೋಗಿ ನೋಡಿದರೆ ವಿಳಾಸ 192.168.1.20 ಸರಿಯಾಗಿಯೇ ಇತ್ತು. ಇತರ ಗಣಕದಿಂದ ಪಿಂಗ್ ಮಾಡಿದರೆ ಮಾತ್ರ `Request timed out`.

ಈ ಹಂತದಲ್ಲಿ ಅನೇಕರು ವಿಳಾಸದ ಕೆಲಸವೇ ಸರಿಯಾಗಿಲ್ಲ ಎಂದು ರೂಟರಿಗೆ ಮರಳುತ್ತಾರೆ. ಪಿಂಗ್‌ನ ಎರಡು ಬಗೆಯ ಸೋಲುಗಳನ್ನು ಬೇರೆ ಮಾಡಿ ಓದಿದರೆ ಆ ಸುತ್ತು ತಪ್ಪುತ್ತದೆ. ಒಂದೇ ಜಾಲದಲ್ಲಿ ಆ ವಿಳಾಸದಲ್ಲಿ ಯಾರೂ ಇಲ್ಲದಿದ್ದರೆ ವಿಂಡೋಸ್ ತನ್ನದೇ ವಿಳಾಸದ ಹೆಸರಿನಲ್ಲಿ `Destination host unreachable` ಎನ್ನುತ್ತದೆ, ಏಕೆಂದರೆ ಕೂಗಿದಾಗ ಓಗೊಡುವ ಮ್ಯಾಕ್ ವಿಳಾಸವೇ ಅದಕ್ಕೆ ಸಿಕ್ಕಿರುವುದಿಲ್ಲ. `Request timed out` ಎಂದರೆ ಸಂದೇಶ ಹೊರಟಿದೆ, ಉತ್ತರ ಬಂದಿಲ್ಲ. ಖಚಿತಪಡಿಸಿಕೊಳ್ಳಲು ಪಿಂಗ್ ಮಾಡಿದ ಕೂಡಲೇ, ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್ ವಿಳಾಸ ಎಂಬ ಪಟ್ಟಿ ತೋರಿಸುವ `arp -a` ಕೊಟ್ಟು ನೋಡಿದೆವು: 192.168.1.20 ರ ಎದುರು ಆ ಡೆಸ್ಕ್‌ಟಾಪಿನ ಮ್ಯಾಕ್ ವಿಳಾಸವೇ ಇತ್ತು. ಗಣಕ ಅಲ್ಲಿದೆ, ಕೇಬಲ್ ಸರಿಯಿದೆ, ವಿಳಾಸ ಸರಿಯಿದೆ, ಆದರೂ ಒಳಗಿನವರು ಬಾಗಿಲು ತೆಗೆಯುತ್ತಿಲ್ಲ. ಹಂಚಿಕೆಯ ಫೋಲ್ಡರ್ ಬಳಸುವ ಪೋರ್ಟ್ 445 ರ ಮೇಲೆಯೇ ಪವರ್‌ಶೆಲ್‌ನಲ್ಲಿ ಪರೀಕ್ಷಿಸಿದಾಗ ಅದೂ ಮುಚ್ಚಿತ್ತು:

```
Test-NetConnection 192.168.1.20 -Port 445
TcpTestSucceeded : False
```

ಕಾರಣ ವಿಂಡೋಸ್‌ನ ಫೈರ್‌ವಾಲ್. ತಾನು ಯಾವ ಜಾಲದಲ್ಲಿದ್ದೇನೆ ಎಂದು ಗುರುತಿಸಲು ವಿಂಡೋಸ್ ಗೇಟ್‌ವೇಯ ಮ್ಯಾಕ್ ವಿಳಾಸವನ್ನು ಆಧಾರ ಮಾಡಿಕೊಳ್ಳುತ್ತದೆ. ರೂಟರ್ ಬದಲಾದರೆ ಆ ಮ್ಯಾಕ್ ಬದಲಾಗುತ್ತದೆ. ಕಚೇರಿ, ಕೇಬಲ್, ಕುರ್ಚಿ ಎಲ್ಲ ಅದೇ ಆಗಿದ್ದರೂ ವಿಂಡೋಸ್‌ಗೆ ಅದು ಹಿಂದೆ ಕಾಣದ ಜಾಲ. ಹೊಸ ಜಾಲವನ್ನು ಅದು ಬಸ್ ನಿಲ್ದಾಣದ ವೈಫೈಯಂತೆ ಸಾರ್ವಜನಿಕವೆಂದು ಪರಿಗಣಿಸಿ, ಕಡತ ಮತ್ತು ಪ್ರಿಂಟರ್ ಹಂಚಿಕೆಯ ನಿಯಮಗಳನ್ನು ಮುಚ್ಚಿಡುತ್ತದೆ. ಪಿಂಗ್‌ಗೆ ಉತ್ತರಿಸುವ ನಿಯಮವೂ ಅದೇ ಗುಂಪಿನಲ್ಲಿರುವುದರಿಂದ ಪಿಂಗ್ ಕೂಡ ಸೋಲುತ್ತದೆ. ನಾವು ರೂಟರಿನ ಐಪಿ ವಿಳಾಸವನ್ನು ಹಳೆಯದಕ್ಕೆ ಮರಳಿಸಿದರೂ ಅದರ ಮ್ಯಾಕ್ ಹೊಸದೇ ಆಗಿ ಉಳಿಯಿತು, ಹಾಗಾಗಿ ಈ ಭಾಗ ತಾನಾಗಿ ಸರಿಯಾಗಲಿಲ್ಲ. ಪ್ರಿಂಟರಿಗೆ ಇಂತಹ ತಡೆ ಇಲ್ಲ. ಅದು ಮೊದಲೇ ಸಿಕ್ಕಿ ಫೋಲ್ಡರ್ ಸಿಗದೆ ಉಳಿದದ್ದು ಇದರಿಂದ.

ಇಲ್ಲಿ ಫೈರ್‌ವಾಲನ್ನು ಪೂರ್ತಿ ನಿಲ್ಲಿಸುವುದು ಬಹಳ ಕಡೆ ಕಾಣುವ ಉಪಾಯ, ಮತ್ತು ಅದರಿಂದ ಫೋಲ್ಡರ್ ತೆರೆಯುವುದೂ ನಿಜ. ಆದರೆ ಕಕ್ಷಿದಾರರ ಲೆಕ್ಕವೆಲ್ಲ ಇರುವ ಗಣಕದಲ್ಲಿ ಹಾಗೆ ಮಾಡಬಾರದು. ಬೇಕಾಗಿರುವುದು ಈ ಜಾಲ ನಮ್ಮದು ಎಂದು ವಿಂಡೋಸ್‌ಗೆ ತಿಳಿಸುವುದಷ್ಟೇ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಈಥರ್‌ನೆಟ್ ತೆರೆದು Public network ಎಂದಿದ್ದುದನ್ನು Private network ಎಂದು ಬದಲಾಯಿಸಿದೆವು. ಅದನ್ನೇ ನಿರ್ವಾಹಕನ ಅಧಿಕಾರದಲ್ಲಿ ತೆರೆದ ಪವರ್‌ಶೆಲ್‌ನಿಂದ ಹೀಗೆ ಮಾಡಬಹುದು:

```
Get-NetConnectionProfile
Set-NetConnectionProfile -InterfaceAlias "Ethernet" -NetworkCategory Private
```

ಅವಶ್ಯವಾಗಿ ಬದಲಾಗಬೇಕಾದದ್ದು ಫೋಲ್ಡರ್ ಹಂಚುವ ಗಣಕದಲ್ಲಿ, ಅದನ್ನು ತೆರೆಯುವ ಗಣಕಗಳಲ್ಲಿ ಅಲ್ಲ. ಒಳಗೆ ಬರುವವರನ್ನು ತಡೆಯುವುದು ಅದರ ಫೈರ್‌ವಾಲ್. ಅದೊಂದನ್ನೇ ಬದಲಾಯಿಸಿ ಮತ್ತೆ ಪರೀಕ್ಷಿಸಿದಾಗ ಪೋರ್ಟ್ 445 ಕ್ಕೆ `True` ಬಂತು. Z ಡ್ರೈವಿನ ಮೇಲೆ ಕೆಂಪು ಗುರುತು ಇನ್ನೂ ಇದ್ದರೂ ಒಮ್ಮೆ ತೆರೆದ ಮೇಲೆ ಅದು ಹೋಯಿತು.

ಲ್ಯಾಪ್‌ಟಾಪ್ ಒಂದು ಉಳಿದಿತ್ತು. ಅದು ಹೊಸ ರೂಟರಿನ ಅತಿಥಿ ವೈಫೈಗೆ ಸೇರಿತ್ತು. ಅತಿಥಿ ಜಾಲದ ಉದ್ದೇಶವೇ ಒಳಗಿನ ಸಾಧನಗಳನ್ನು ಕಾಣಗೊಡದಿರುವುದು. ಅದನ್ನು ಮುಖ್ಯ ವೈಫೈಗೆ ಸೇರಿಸಿದಾಗ ಎರಡೂ ಸಿಕ್ಕವು.

ಸ್ಕ್ಯಾನ್ ಕೂಡ ಪರೀಕ್ಷಿಸಿದ ಮೇಲೆ ಮುಂದಿನ ಬದಲಾವಣೆಗೆಂದು ಎರಡು ಕೆಲಸ ಮಾಡಿದೆವು. ರೂಟರ್ ಇಂಟರ್‌ನೆಟ್ ಕಂಪನಿಯ ಸ್ವತ್ತು, ಅವರು ಬೇಕಾದಾಗ ಬದಲಾಯಿಸುತ್ತಾರೆ. ಆದ್ದರಿಂದ ಕಚೇರಿಗೆ ಬೇಕಾದ ನೆನಪನ್ನು ಅದರೊಳಗೆ ಮಾತ್ರ ಇಡುವುದು ನನಗೆ ಸರಿ ಕಾಣುವುದಿಲ್ಲ. Z ಡ್ರೈವನ್ನು ಅಂಕಿಯ ಬದಲು ಗಣಕದ ಹೆಸರಿಗೆ, ಅಂದರೆ `\\LEKKA-PC\Lekka` ಎಂಬ ದಾರಿಗೆ ಮರುಜೋಡಿಸಿದೆವು. ಒಂದೇ ಜಾಲದೊಳಗೆ ವಿಂಡೋಸ್ ಗಣಕಗಳು ರೂಟರಿನ ನೆರವಿಲ್ಲದೆಯೇ ಪರಸ್ಪರ ಹೆಸರು ಕೇಳಿ ವಿಳಾಸ ಕಂಡುಕೊಳ್ಳುತ್ತವೆ, ಹಾಗಾಗಿ ಅಂಕಿ ಬದಲಾದರೂ ಈ ದಾರಿ ಉಳಿಯುತ್ತದೆ. ಮೊದಲ ಸಲ ತೆರೆದಾಗ ಅದು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನು ಮತ್ತೆ ಕೇಳಿತು, ಸಹಾಯಕಿ ಗಾಬರಿಯಾದರು. ವಿಂಡೋಸ್ ಅವನ್ನು ಹಿಂದೆ 192.168.1.20 ಎಂಬ ಹೆಸರಿನಡಿ ಉಳಿಸಿಟ್ಟಿತ್ತು, ಹೊಸ ಹೆಸರಿಗೆ ಅದು ಅನ್ವಯಿಸುವುದಿಲ್ಲ ಎಂದು ವಿವರಿಸಿ ಆ ಗಣಕದ ಖಾತೆಯ ವಿವರಗಳನ್ನೇ ಕೊಟ್ಟೆವು. ಎರಡನೆಯದಾಗಿ, ಪ್ರಿಂಟರಿನ ವಿಳಾಸ, ಮಾಸ್ಕ್, ರೂಟರಿನ ಒಳಜಾಲದ ವಿಳಾಸ, ಹಂಚುವ ವ್ಯಾಪ್ತಿ, ಕಾಯ್ದಿರಿಸಿದ 20 ರ ಅಂಕಿ ಮತ್ತು ಅದರ ಮ್ಯಾಕ್ ವಿಳಾಸ ಇಷ್ಟನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಸ್ವಿಚ್ ಇರುವ ಗೋಡೆಗೆ ಅಂಟಿಸಿದೆವು. ಇನ್ನೊಮ್ಮೆ ರೂಟರ್ ಬದಲಾಯಿಸಲು ಬರುವವರಿಗೆ ಅವರು ಹೊರಡುವ ಮೊದಲೇ ಆ ಹಾಳೆಯನ್ನು ತೋರಿಸಿ, ಒಂದು ಡೆಸ್ಕ್‌ಟಾಪನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿದ ಮೇಲೆ ಪ್ರಿಂಟ್ ತೆಗೆದು ನೋಡುವುದೆಂದು ಸಹಾಯಕಿ ಅದರ ಕೆಳಗೆ ತಮ್ಮ ಕೈಯಲ್ಲೇ ಬರೆದರು.